ಗಂಜಿಯ ಸ್ನಿಗ್ಧತೆ ಮತ್ತು ಮಗುವಿನ ಮೊದಲ ಊಟ

ಒಂದು ಲೋಟ ತೆಳ್ಳನೆಯ ರಾಗಿ ಗಂಜಿಯನ್ನೂ ಒಂದು ಲೋಟ ತಾಯಿಯ ಹಾಲನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಇವೆರಡರಲ್ಲಿ ಯಾವುದು ಹೆಚ್ಚು ಪುಷ್ಟಿಕರವೆಂದು ಕೇಳಿದರೆ, ಹತ್ತರಲ್ಲಿ ಎಂಟು ಮಂದಿ ಗಂಜಿಯ ಕಡೆಗೆ ಕೈ ತೋರಿಸುವರು. ಗಂಜಿ ಗಟ್ಟಿ, ಹಾಲು ನೀರು. ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತದೆ, ಹಾಲು ನಿಲ್ಲದು ಎಂಬುದು ಅವರ ಭಾವನೆ. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆನು. ಆ ತಿಳಿವಳಿಕೆಯನ್ನು ತಿದ್ದಿದವಳು ನನ್ನ ತಂಗಿಯ ಏಳು ತಿಂಗಳ ಮಗಳು.

ಆ ಮಗುವಿಗೆ ಆರು ತಿಂಗಳು ತುಂಬಿದ ದಿನ ಅನ್ನಪ್ರಾಶನವಾಯಿತು. ಮಾರನೆಯ ದಿನದಿಂದಲೇ ಅಜ್ಜಿಯ ಮೇಲ್ವಿಚಾರಣೆಯಲ್ಲಿ ರಾಗಿ ಗಂಜಿ ಪ್ರಾರಂಭವಾಯಿತು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮನೆಯಲ್ಲಿದ್ದ ಹಳೆಯ ಬೆಳ್ಳಿಯ ಒಳಲೆಯಿಂದ ಹೊತ್ತಿಗೊಂದು ಲೋಟದಂತೆ ದಿನಕ್ಕೆ ಮೂರು ಲೋಟ ಕುಡಿಸುತ್ತಿದ್ದರು. ಮಗು ತಕರಾರಿಲ್ಲದೆ ಕುಡಿಯುತ್ತಿತ್ತು. ಆದರೆ ಒಂದು ತಿಂಗಳು ಕಳೆದ ಮೇಲೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿದಾಗ ಮುಳ್ಳು ಹಿಂದಿನ ತಿಂಗಳಲ್ಲಿದ್ದ 6.9 ಕಿಲೋಗ್ರಾಂನಲ್ಲಿಯೇ ನಿಂತಿತು. ಆ ವಯಸ್ಸಿನಲ್ಲಿ ತಿಂಗಳಿಗೆ ಮುನ್ನೂರು ನಾನೂರು ಗ್ರಾಂ ಏರಬೇಕಾದ ತೂಕ ಅದು. ಮಗುವಿಗೆ ಜ್ವರ ಬಂದಿರಲಿಲ್ಲ, ಭೇದಿಯಾಗಿರಲಿಲ್ಲ. "ಮೂರು ಹೊತ್ತೂ ಲೋಟ ಲೋಟ ಗಂಜಿ ಒಳಗೆ ಹೋಗುತ್ತಿದೆಯಲ್ಲೋ, ಅದೆಲ್ಲ ಎಲ್ಲಿ ಹೋಯಿತು?" ಎಂದು ಅಮ್ಮ ನನ್ನನ್ನು ಕೇಳಿದರು.

ಭೌತಶಾಸ್ತ್ರ ಕಲಿಸುವವನಿಗೆ ಗೊತ್ತಿರುವ ಉಪಾಯ ಒಂದೇ, ಅಳೆದು ನೋಡುವುದು. ಗಂಜಿಗೆ ಹಾಕುತ್ತಿದ್ದ ಹಿಟ್ಟನ್ನು ತೂಗಿದೆನು. ಒಂದು ಲೋಟಕ್ಕೆ, ಅಂದರೆ ಸುಮಾರು 200 ಮಿಲಿಲೀಟರಿಗೆ, ಹಿಟ್ಟು ಬೀಳುತ್ತಿದ್ದುದು 10 ಗ್ರಾಂ. ನೂರು ಭಾಗ ಗಂಜಿಯಲ್ಲಿ ಐದು ಭಾಗ ಹಿಟ್ಟು, ಉಳಿದುದೆಲ್ಲ ನೀರು. ಒಂದು ಗ್ರಾಂ ರಾಗಿ ಹಿಟ್ಟಿನಿಂದ ದೊರೆಯುವ ಶಕ್ತಿ ಮೂರೂಕಾಲು ಕಿಲೊಕ್ಯಾಲೊರಿಯಷ್ಟು. ಆದುದರಿಂದ ಇಡೀ ಲೋಟ ಗಂಜಿಯಲ್ಲಿದ್ದುದು 33 ಕಿಲೊಕ್ಯಾಲೊರಿ ಮಾತ್ರ. ಅದೇ ಲೋಟದ ತುಂಬ ತಾಯಿಯ ಹಾಲಿದ್ದರೆ ಅದರಲ್ಲಿ 130 ಕಿಲೊಕ್ಯಾಲೊರಿಯಷ್ಟು ಶಕ್ತಿ ಇರುತ್ತದೆ. 'ನೀರು' ಎನಿಸಿಕೊಂಡ ಹಾಲು 'ಗಟ್ಟಿ' ಎನಿಸಿಕೊಂಡ ಗಂಜಿಗಿಂತ ನಾಲ್ಕು ಮಡಿ ಪುಷ್ಟಿಯುಳ್ಳದ್ದು!

ಇಲ್ಲಿ ಮಗುವಿನ ಜಠರದ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿಲೋಗ್ರಾಂ ತೂಕಕ್ಕೆ 30 ಮಿಲಿಲೀಟರಿನಂತೆ ಹಿಡಿದರೆ ಏಳು ಕಿಲೋಗ್ರಾಂ ಮಗುವಿನ ಜಠರ 210 ಮಿಲಿಲೀಟರನ್ನು ಹಿಡಿಸುತ್ತದೆ. ಒಂದು ಲೋಟ ಗಂಜಿಗೆ ಅದು ಭರ್ತಿಯಾಗುತ್ತದೆ. ತುಂಬಿದ ಹೊಟ್ಟೆಯ ಮಗು ತಾಯಿಯ ಹಾಲನ್ನು ಕೇಳದು. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಬೇಕಾದ ಸುಮಾರು 600 ಕಿಲೊಕ್ಯಾಲೊರಿಗಳಲ್ಲಿ 400ರಷ್ಟು ಹಾಲಿನಿಂದಲೂ 200ರಷ್ಟು ಮೇಲಿನ ಆಹಾರದಿಂದಲೂ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜು. ಈ ಮಗುವಿಗೆ ಮೂರು ಲೋಟ ಗಂಜಿಯಿಂದ ಬರುತ್ತಿದ್ದುದು 100. ಆ ಮೂರು ಲೋಟ ಹೊರಗೆ ತಳ್ಳಿದ ಹಾಲಿನಿಂದ ನಷ್ಟವಾಗುತ್ತಿದ್ದುದು ಅದಕ್ಕಿಂತ ಬಹಳ ಹೆಚ್ಚು. ಮಗು ಹೊಟ್ಟೆ ತುಂಬ ಉಂಡು ಉಪವಾಸವಿತ್ತು.

ಹಾಗಾದರೆ ಹಿಟ್ಟನ್ನು ಹೆಚ್ಚು ಹಾಕಿದರಾಯಿತಲ್ಲ ಎನ್ನಬಹುದು. ತಂಗಿ ಅದನ್ನೂ ಮಾಡಿ ನೋಡಿದಳು. ಹಿಟ್ಟನ್ನು ಎರಡು ಪಾಲು ಮಾಡಿದಾಗ ಗಂಜಿ ಒಳಲೆಯ ಮೂತಿಯಲ್ಲಿ ಇಳಿಯಲಿಲ್ಲ. ಮೂರು ಪಾಲು ಮಾಡಿದಾಗ ಅದು ಗಂಜಿಯಾಗಿ ಉಳಿಯದೆ ಆರುತ್ತಿದ್ದಂತೆ ಮುದ್ದೆಗೆ ತಿರುಗಿತು. ಹಿಟ್ಟು ಮೂರು ಪಾಲಾದರೆ ಗಟ್ಟಿತನವೂ ಮೂರು ಪಾಲು ಆಗಬೇಕಾಗಿತ್ತಷ್ಟೆ. ಇದೇಕೆ ಹೀಗೆ ಒಮ್ಮೆಗೇ ನೆಗೆಯಿತು?

ದ್ರವವು ಹರಿಯುವುದಕ್ಕೆ ತೋರುವ ತಡೆಯನ್ನು ಸ್ನಿಗ್ಧತೆ ಎನ್ನುತ್ತೇವೆ. ನೀರಿನ ಸ್ನಿಗ್ಧತೆ ಕಡಿಮೆ, ಜೇನಿನದು ಹೆಚ್ಚು. ರಾಗಿ ಹಿಟ್ಟಿನಲ್ಲಿರುವ ಪಿಷ್ಟವು ಸೂಕ್ಷ್ಮವಾದ ಕಣಗಳ ರೂಪದಲ್ಲಿದೆ. ತಣ್ಣೀರಿನಲ್ಲಿ ಕದಡಿದರೆ ಈ ಕಣಗಳು ಮರಳಿನಂತೆ ತಳಕ್ಕೆ ಇಳಿಯುತ್ತವೆ. ನೀರು ನೀರಾಗಿಯೇ ಇರುತ್ತದೆ. ಕಾಯಿಸುತ್ತ ಹೋದಂತೆ ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕಣಗಳು ನೀರನ್ನು ಹೀರಿಕೊಂಡು ಹಲವು ಮಡಿ ಉಬ್ಬುತ್ತವೆ. ಹಿಟ್ಟು ಕಡಿಮೆಯಿದ್ದರೆ ಉಬ್ಬಿದ ಕಣಗಳ ನಡುವೆ ಸರಿದಾಡಲು ಸ್ಥಳವಿರುತ್ತದೆ. ಹೆಚ್ಚಿದ್ದರೆ ಒಂದು ಇನ್ನೊಂದಕ್ಕೆ ತಾಗಿ, ಜಾತ್ರೆಯ ಬಸ್ಸಿನಲ್ಲಿ ಸಿಕ್ಕಿಕೊಂಡ ಜನರಂತೆ, ಯಾವುದೂ ಅಲುಗಲಾರದು. ಅದಕ್ಕಾಗಿಯೇ ಹಿಟ್ಟು ಸ್ವಲ್ಪವೇ ಹೆಚ್ಚಿದಾಗ ಸ್ನಿಗ್ಧತೆ ಬಹಳವಾಗಿ ಏರುತ್ತದೆ. ಒಳಲೆಯಲ್ಲಿ ಹರಿಯಬೇಕಾದರೆ ಹಿಟ್ಟು ಕಡಿಮೆಯಿರಲೇಬೇಕು. ಮಗುವಿನ ಊಟದ ಶಕ್ತಿಯನ್ನು ನಿರ್ಧರಿಸುತ್ತಿದ್ದುದು, ನೋಡಿದರೆ, ಆ ಬೆಳ್ಳಿಯ ಪಾತ್ರೆಯ ಮೂತಿ!

ಈ ತೊಡಕನ್ನು ಬಿಡಿಸುವ ಒಂದು ಮಾರ್ಗ ನಮ್ಮ ಹಿರಿಯರ ಅಡಿಗೆಮನೆಯಲ್ಲೇ ಇತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ತಲೆತಲಾಂತರದಿಂದ ಬಂದಿದೆ. ಮೊಳೆಯುವ ಕಾಳು ತನ್ನ ಪಿಷ್ಟವನ್ನು ಎಳೆಯ ಸಸಿಗೆ ಉಣಿಸಬೇಕಾಗುತ್ತದೆ. ಅದಕ್ಕಾಗಿ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಈ ಕಿಣ್ವವು ಪಿಷ್ಟದ ಉದ್ದನೆಯ ಸರಪಣಿಗಳನ್ನು ತುಂಡು ತುಂಡಾಗಿ ಕತ್ತರಿಸುತ್ತದೆ. ತುಂಡಾದ ಪಿಷ್ಟ ನೀರನ್ನು ಹಿಡಿದಿಡಲಾರದು. ಗಂಜಿ ಸಡಿಲವಾಗುತ್ತದೆ, ಆದರೆ ಅದರಲ್ಲಿನ ಶಕ್ತಿ ಹಾಗೆಯೇ ಉಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳೆತ ರಾಗಿ ಮತ್ತು ಹೆಸರುಕಾಳುಗಳಿಂದ ಇಂಥ ಕಡಿಮೆ ಸ್ನಿಗ್ಧತೆಯ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. 1986ರಲ್ಲಿ ಬರೋಡೆಯ ತಾರಾ ಗೋಪಾಲದಾಸ್ ಮತ್ತು ಅವರ ಸಹೋದ್ಯೋಗಿಗಳು, ಗಟ್ಟಿಯಾದ ಅಕ್ಕಿಯ ಗಂಜಿಗೆ ಮೊಳಕೆ ಹಿಟ್ಟನ್ನು ಸ್ವಲ್ಪವೇ ಬೆರೆಸಿದರೂ ಅದು ಸಡಿಲಗೊಳ್ಳುವುದೆಂದು ತೋರಿಸಿದರು.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪ್ರಯೋಗ ಮಾಡಿ ನೋಡಬಹುದು. ಮೂರು ಸಣ್ಣ ಪಾತ್ರೆಗಳಲ್ಲಿ ತಲಾ 100 ಮಿಲಿಲೀಟರ್ ನೀರು ತೆಗೆದುಕೊಳ್ಳಿರಿ. ಮೊದಲನೆಯದಕ್ಕೆ 15 ಗ್ರಾಂ ಸಾಧಾರಣ ರಾಗಿ ಹಿಟ್ಟನ್ನೂ ಎರಡನೆಯದಕ್ಕೆ ಅಷ್ಟೇ ಮೊಳಕೆ ಹಿಟ್ಟನ್ನೂ ತಣ್ಣಗಿರುವಾಗಲೇ ಕದಡಿ, ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಕುದಿಸಿರಿ. ಮೊದಲನೆಯದು ಸೌಟಿಗೆ ಅಂಟಿ ನಿಲ್ಲುತ್ತದೆ, ಎರಡನೆಯದು ಸುರಿಯುತ್ತದೆ. ಮೂರನೆಯ ಪಾತ್ರೆಯಲ್ಲಿ ನೀರನ್ನು ಮೊದಲು ಕುದಿಸಿ, ಕುದಿಯುವ ನೀರಿಗೆ ಮೊಳಕೆ ಹಿಟ್ಟನ್ನು ಹಾಕಿರಿ. ಆಶ್ಚರ್ಯವೆಂದರೆ ಇದು ಎರಡನೆಯದಕ್ಕಿಂತ ಬಹಳ ಗಟ್ಟಿಯಾಗುತ್ತದೆ. ಕಿಣ್ವವು ಕುದಿಯುವ ಶಾಖವನ್ನು ತಾಳಲಾರದು. ನಿಧಾನವಾಗಿ ಕಾಯಿಸಿದಾಗ ಪಿಷ್ಟವು ಉಬ್ಬಿದ ಮೇಲೂ ಅದನ್ನು ಕತ್ತರಿಸಲು ಕಿಣ್ವಕ್ಕೆ ಒಂದಿಷ್ಟು ಸಮಯ ದೊರೆಯುತ್ತದೆ. ಕುದಿನೀರಿಗೆ ಹಾಕಿದಾಗ ಕೆಲಸಕ್ಕೆ ಮೊದಲೇ ಅದು ನಾಶವಾಗುತ್ತದೆ. ಮೊಳಕೆ ರಾಗಿಯನ್ನು ಘಮಘಮಿಸಲೆಂದು ಕೆಂಪಗೆ ಹುರಿದರೂ ಇದೇ ಗತಿ. 'ಮೊಳಕೆ ಹಿಟ್ಟು ಹಾಕಿದರೂ ಗಂಟಾಯಿತು' ಎನ್ನುವವರು ಈ ಎರಡನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಮೊಳಕೆ ಕಟ್ಟಿದ ಬಟ್ಟೆಯಲ್ಲಿ ಬೂಷ್ಟಿನ ವಾಸನೆ ಬಂದರೆ ಮಾತ್ರ ಆ ರಾಗಿಯನ್ನು ಮಗುವಿನ ಪಾಲಿಗೆ ಇಡಬಾರದು, ಚೆಲ್ಲಿಬಿಡಬೇಕು.

ತಂಗಿಯ ಮನೆಯಲ್ಲಿ ಏರ್ಪಾಡು ಹೀಗಾಯಿತು. 20 ಗ್ರಾಂ ಮೊಳಕೆ ರಾಗಿ ಹಿಟ್ಟು ಮತ್ತು 10 ಗ್ರಾಂ ಹೆಸರುಬೇಳೆ ಹಿಟ್ಟನ್ನು ಮುಕ್ಕಾಲು ಲೋಟ ತಣ್ಣೀರಿನಲ್ಲಿ ಕದಡಿ, ನಿಧಾನವಾಗಿ ಕುದಿಸಿ, ಇಳಿಸಿದ ಮೇಲೆ ಒಂದು ಚಿಕ್ಕ ಚಮಚ ತುಪ್ಪ ಹಾಕುವುದು. ಹಿಟ್ಟುಗಳಿಂದ 100, ಐದು ಗ್ರಾಂ ತುಪ್ಪದಿಂದ 45, ಒಟ್ಟು 145 ಕಿಲೊಕ್ಯಾಲೊರಿ. ಬೆಂದ ಮೇಲೆ ಇದರ ತೂಕ ಸುಮಾರು 170 ಗ್ರಾಂ. ಎಂದರೆ ಗ್ರಾಮಿಗೆ 0.85; ಹಾಲಿಗಿಂತ ಸ್ವಲ್ಪ ಮೇಲೆಯೇ. ಹೊತ್ತಿಗೆ ಅರ್ಧ ಬಟ್ಟಲಿನಂತೆ, ಅಂದರೆ ನೂರು ಗ್ರಾಂನಂತೆ, ಎರಡು ಹೊತ್ತು ಇದನ್ನು ಕೊಟ್ಟು, ನಡುವೆ ಅರ್ಧ ಚಿಕ್ಕ ಬಾಳೆಯ ಹಣ್ಣನ್ನು ಕಿವುಚಿ ತಿನ್ನಿಸಿದರೆ 200ರ ಲೆಕ್ಕ ತುಂಬುತ್ತದೆ. ಮೊಲೆಹಾಲಿಗೆ ಜಾಗವೂ ಉಳಿಯುತ್ತದೆ. ಪ್ರತಿ ಸಲವೂ ಹೊಸದಾಗಿ ಬೇಯಿಸುವುದು ಒಳ್ಳೆಯದು. ಬೆಳಿಗ್ಗೆಯ ಗಂಜಿ ಸಂಜೆಯವರೆಗೆ ಇದ್ದರೆ ಮಗುವಿಗಿಂತ ಮುಂಚೆ ರೋಗಾಣುಗಳು ಅದನ್ನು ಉಣ್ಣುತ್ತವೆ. ಸಾಧಾರಣ ಹಿಟ್ಟಿನ ಗಂಜಿಯಾದರೆ ಅಳೆಯುವ ಗೊಡವೆ ಬೇಡ, ಚಮಚವನ್ನು ಓರೆ ಮಾಡಿ ನೋಡಿದರೆ ಸಾಕು: ಕೂಡಲೇ ಹರಿದುಹೋದರೆ ಅದು ತೆಳುವಾಯಿತು, ಚಮಚದಲ್ಲಿ ನಿಂತು ಮೆಲ್ಲಗೆ ಜಾರಿದರೆ ಸರಿ. ಮೊಳಕೆ ಹಿಟ್ಟಿಗೆ ಈ ಪರೀಕ್ಷೆ ನಡೆಯದು, ಅದಕ್ಕೆ ಹಿಟ್ಟನ್ನೇ ಅಳೆಯಬೇಕು.

ಒಂದು ಕೊರತೆಯನ್ನು ಮಾತ್ರ ಈ ಗಂಜಿ ತುಂಬಲಾರದು. ಹುಟ್ಟುವಾಗ ಮಗು ತನ್ನೊಡನೆ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಸುಮಾರಿಗೆ ಮುಗಿಯುತ್ತ ಬರುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಧಾನ್ಯದಲ್ಲಿರುವುದು ಸುಲಭವಾಗಿ ರಕ್ತಗತವಾಗದು. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಅವನ್ನು ಈ ವಯಸ್ಸಿನಿಂದಲೇ ಅರೆದು ಕೊಡಬಹುದು. ತಿನ್ನದವರು ಬೇಳೆ ಸೊಪ್ಪುಗಳ ಜೊತೆಗೆ ಒಂದೆರಡು ಹನಿ ನಿಂಬೆಯ ರಸ ಸೇರಿಸಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಆರು ತಿಂಗಳಿಂದ ವಾರಕ್ಕೆರಡು ಬಾರಿ ಕೊಡಲೆಂದು ಸರ್ಕಾರ ಹಂಚುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿ ಮರೆತುಬಿಡಬಾರದು.

ಇಷ್ಟಾದ ಮೇಲೆ ಮಗುವಿನ ತೂಕ ಏರತೊಡಗಿತು. ಸಮಸ್ಯೆ ಮುಗಿಯಿತೆಂದುಕೊಂಡೆವು. ಆದರೆ ನುಣುಪಾದ ಮೊಳಕೆ ಗಂಜಿ ಎಷ್ಟು ಸುಲಭವಾಗಿ ಗಂಟಲಿನಲ್ಲಿ ಇಳಿಯುತ್ತಿತ್ತೆಂದರೆ, ಎಂಟನೆಯ ತಿಂಗಳಿನಲ್ಲಿಯೂ ಮನೆಯವರು ಅದನ್ನು ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಒಂದು ದಿನ ಕಿವುಚಿದ ಅನ್ನ ಬೇಳೆ ಕೊಟ್ಟಾಗ ಮಗು 'ಉವ್ವೆ' ಎಂದು ಓಕರಿಸಿತು. ಅಜ್ಜಿ ಬೆದರಿ, ಮತ್ತೆ ಎಲ್ಲವನ್ನೂ ಮಿಕ್ಸಿಯಲ್ಲಿ ಅರೆಯಲು ಹೇಳಿದರು.

ಹೀರುವುದು ಮಗುವಿಗೆ ಹುಟ್ಟಿನಿಂದ ಬಂದ ವಿದ್ಯೆ. ಅಗಿಯುವುದು ಹಾಗಲ್ಲ, ಕಲಿಯಬೇಕಾದುದು. ಆರು ತಿಂಗಳ ಮಗುವಿನ ನಾಲಗೆ ಹಿಂದೆ ಮುಂದೆ, ಮೇಲೆ ಕೆಳಗೆ ಮಾತ್ರ ಆಡುತ್ತದೆ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಅದು ಪಕ್ಕಕ್ಕೆ ಹೊರಳಿ, ತುತ್ತನ್ನು ದವಡೆಯ ಒಸಡುಗಳ ನಡುವೆ ತಳ್ಳುವುದನ್ನು ಕಲಿಯುತ್ತದೆ. ಇದಕ್ಕೆ ಹಲ್ಲು ಬಂದಿರಬೇಕೆಂದಿಲ್ಲ. ಮೆತ್ತನೆಯ ಪದಾರ್ಥವನ್ನು ಒಸಡುಗಳೇ ಜಜ್ಜಬಲ್ಲವು. ಆದರೆ ಬಾಯಲ್ಲಿ ಜಜ್ಜಲು ಏನೂ ಇಲ್ಲದಿದ್ದರೆ ನಾಲಗೆ ಪಕ್ಕಕ್ಕೆ ಹೊರಳುವುದಾದರೂ ಏಕೆ? ಅಗಿಯುವುದನ್ನು ಕಲಿಯಲು ಒಂದು ಸೂಕ್ಷ್ಮವಾದ ಕಾಲಾವಧಿ ಇದೆಯೆಂಬ ವಿಚಾರವನ್ನು ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ 1964ರಲ್ಲಿ ಮುಂದಿಟ್ಟರು. 2001ರಲ್ಲಿ ಅದೇ ದೇಶದ ಏವನ್ ಪ್ರಾಂತದ ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಗಂಟುಗಳಿರುವ ಆಹಾರವನ್ನು ಹತ್ತು ತಿಂಗಳಾದ ಮೇಲೆ ಮೊದಲು ಕಂಡ ಮಕ್ಕಳಲ್ಲಿ, ಒಂದೂಕಾಲು ವರ್ಷದ ವಯಸ್ಸಿಗೆ ಊಟದ ತಕರಾರುಗಳು ಹೆಚ್ಚಾಗಿದ್ದವು. ಓಕರಿಸುವ ಮಕ್ಕಳಿಗೆ ತಾಯಂದಿರೇ ತಡಮಾಡಿ ಗಂಟು ಕೊಟ್ಟಿರಬಹುದು. ಆಗ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಆದರೂ ಕಾಯುವುದರಿಂದ ಲಾಭವಿದೆಯೆಂದು ತೋರುವ ಆಧಾರವಂತೂ ಇದರಲ್ಲಿ ಕಾಣದು.

ಓಕರಿಕೆಗೂ ಉಸಿರು ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ಹೇಳಬೇಕು. ಓಕರಿಕೆಯನ್ನು ಎಬ್ಬಿಸುವ ಸ್ಥಾನ ಎಳೆಯ ಮಗುವಿನಲ್ಲಿ ನಾಲಗೆಯ ಮೇಲೆ ಸಾಕಷ್ಟು ಮುಂದಕ್ಕಿದೆ. ಬೆಳೆದಂತೆ ಹಿಂದಕ್ಕೆ ಸರಿಯುತ್ತದೆ. ಇದು ಕಾವಲು. ಮುಖ ಕೆಂಪಾಗುತ್ತದೆ, ಸದ್ದಾಗುತ್ತದೆ, ತುತ್ತು ಮುಂದಕ್ಕೆ ಬರುತ್ತದೆ, ಮಗು ಮತ್ತೆ ಬಾಯಿ ತೆರೆಯುತ್ತದೆ. ಉಸಿರು ಕಟ್ಟಿದ ಮಗು ನಿಶ್ಶಬ್ದವಾಗಿರುತ್ತದೆ. ಕೆಮ್ಮಲಾರದು, ಅಳಲಾರದು, ತುಟಿ ನೀಲಿಗಟ್ಟುತ್ತದೆ. ಆಗ ಮಗುವನ್ನು ತಲೆ ತಗ್ಗಿರುವಂತೆ ಮುಂಗೈಯ ಮೇಲೆ ಬೋರಲಾಗಿ ಹಿಡಿದು ಹೆಗಲೆಲುಬುಗಳ ನಡುವೆ ಐದು ಏಟು, ಬಳಿಕ ಅಂಗಾತ ತಿರುಗಿಸಿ ಎದೆಯ ಮಧ್ಯದಲ್ಲಿ ಎರಡು ಬೆರಳುಗಳಿಂದ ಐದು ಒತ್ತು, ಹೀಗೆ ಪದಾರ್ಥ ಹೊರಬರುವ ತನಕ ಮಾಡುತ್ತಿರಬೇಕು. ಜೊತೆಯವರು ಸಹಾಯಕ್ಕೆ ಕರೆಯಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಗಟ್ಟಿತನವನ್ನು ಏರಿಸುವ ಕ್ರಮ ಕಠಿಣವೇನಲ್ಲ. ಆರನೆಯ ತಿಂಗಳಿನಲ್ಲಿ ನುಣ್ಣಗೆ ಕಿವುಚಿದ, ಚಮಚದಲ್ಲಿ ನಿಲ್ಲುವ ಆಹಾರ. ಕೆಲವೇ ವಾರಗಳಲ್ಲಿ ಬೆರಳಿನಿಂದ ಕಿವುಚಿ ಅಲ್ಲಲ್ಲಿ ಕಾಳು ಉಳಿದ ಅನ್ನ ಬೇಳೆ. ಎಂಟರ ಸುಮಾರಿಗೆ ಮೆತ್ತನೆಯ ಗಂಟುಗಳು, ಕೈಯಲ್ಲಿ ಹಿಡಿದು ತಿನ್ನುವ ತುಂಡುಗಳು. ವರ್ಷ ತುಂಬುವಾಗ ಮನೆಯ ಊಟ. ಮಿಕ್ಸಿಗಿಂತ ಬೆರಳುಗಳೇ ಇದಕ್ಕೆ ಉತ್ತಮ ಯಂತ್ರ. ಏಕೆಂದರೆ ಅವು ಎಲ್ಲವನ್ನೂ ಒಂದೇ ಸಮ ಮಾಡಲಾರವು. ತೆಳ್ಳನೆಯ ಸಾರಿನಲ್ಲಿ ಬಿಡಿ ಅಗುಳುಗಳು ತೇಲುವ ಊಟ ಮಾತ್ರ ಕಷ್ಟಕರವಾದುದು. ಮಗು ಸಾರನ್ನು ನುಂಗಲು ಹೊರಟಾಗ ಅಗುಳು ಅನಿರೀಕ್ಷಿತವಾಗಿ ಗಂಟಲನ್ನು ತಾಕುತ್ತದೆ. ನಮ್ಮ ಮಗುವಿಗೆ ಓಕರಿಕೆ ಬಂದುದು, ವಿಚಾರಿಸಲಾಗಿ, ಅಂಥ ಊಟದಿಂದಲೇ.

ಕೈಯಲ್ಲಿ ಹಿಡಿದು ತಿನ್ನುವ ಮಾತು ಬಂದುದರಿಂದ, ಈಚಿನ ಒಂದು ವಿವಾದವನ್ನೂ ನೋಡೋಣ. ಬ್ರಿಟನ್ನಿನ ಗಿಲ್ ರಾಪ್ಲೆ ಎಂಬ ಮಹಿಳೆ, 2008ರಲ್ಲಿ ಸಹಲೇಖಕಿಯೊಬ್ಬರೊಡನೆ ಪ್ರಕಟಿಸಿದ ಪುಸ್ತಕದಿಂದ ಪ್ರಸಿದ್ಧಿಗೆ ತಂದ ಪದ್ಧತಿಯಲ್ಲಿ ಚಮಚವೇ ಇಲ್ಲ. ಆರು ತಿಂಗಳ ಮಗುವನ್ನು ನೆಟ್ಟಗೆ ಕೂರಿಸಿ, ಬೇಯಿಸಿದ ತರಕಾರಿ, ಹಣ್ಣು, ಮಾಂಸಗಳ ಬೆರಳುದ್ದದ ತುಂಡುಗಳನ್ನು ಮುಂದಿಡುವುದು. ಎತ್ತುವುದು, ಕಚ್ಚುವುದು, ಬಿಡುವುದು ಎಲ್ಲವೂ ಮಗುವಿನ ಇಚ್ಛೆ. ಬೆರಳುದ್ದ ಏಕೆಂದರೆ ಈ ವಯಸ್ಸಿನಲ್ಲಿ ಮಗು ಇಡೀ ಅಂಗೈಯಿಂದ ಹಿಡಿಯುತ್ತದೆ; ಮುಷ್ಟಿಯಿಂದ ಹೊರಗೆ ಚಾಚಿದ ಭಾಗವಷ್ಟೇ ಬಾಯಿಗೆ ಸಿಗುತ್ತದೆ. ಹೆಬ್ಬೆರಳು ತೋರುಬೆರಳುಗಳಿಂದ ಸಣ್ಣ ಚೂರನ್ನು ಹೆಕ್ಕುವ ಕೌಶಲ ಒಂಬತ್ತರ ಸುಮಾರಿಗೆ ಬರುತ್ತದೆ.

ಇದರಿಂದ ಉಸಿರು ಕಟ್ಟುವ ಅಪಾಯ ಹೆಚ್ಚೆ? ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಒಟಾಗೊ ವಿಶ್ವವಿದ್ಯಾನಿಲಯದವರು 206 ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿ, ಫಲಿತಾಂಶಗಳನ್ನು 2016ರಿಂದ ಪ್ರಕಟಿಸಿದರು. ಕೈಯಿಂದ ತಿನ್ನುವ ಗುಂಪಿನ ತಾಯಂದಿರಿಗೆ, ಪ್ರತಿ ಊಟದಲ್ಲೂ ಕಬ್ಬಿಣವುಳ್ಳ ಒಂದು ಪದಾರ್ಥ ಮತ್ತು ಶಕ್ತಿ ಹೆಚ್ಚಿರುವ ಒಂದು ಪದಾರ್ಥ ಇರಬೇಕೆಂದೂ ಯಾವುದನ್ನು ಕೊಡಬಾರದೆಂದೂ ತರಬೇತಿ ಕೊಟ್ಟಿದ್ದರು. ಉಸಿರು ಕಟ್ಟಿದ ಪ್ರಸಂಗಗಳು ಎರಡು ಗುಂಪುಗಳಲ್ಲೂ ಸರಿಸಮವಾಗಿದ್ದವು. ವರ್ಷ ತುಂಬಿದಾಗ ಎತ್ತರಕ್ಕೆ ತಕ್ಕ ತೂಕದಲ್ಲಿಯೂ ವ್ಯತ್ಯಾಸವಿರಲಿಲ್ಲ. ಆದರೆ ಇವೆರಡಕ್ಕಿಂತ ನನ್ನ ಗಮನ ಸೆಳೆದುದು ಬೇರೊಂದು ಅಂಶ: ಏಳು ತಿಂಗಳಿನಲ್ಲಿ ಎರಡೂ ಗುಂಪುಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಉಸಿರು ಕಟ್ಟಿಸಬಲ್ಲ ಪದಾರ್ಥವೊಂದನ್ನು ಕೊಡಲಾಗಿತ್ತು. ಅಪಾಯ ಕೈಯಲ್ಲೂ ಇಲ್ಲ, ಚಮಚದಲ್ಲೂ ಇಲ್ಲ. ಪದಾರ್ಥದ ಆಕಾರದಲ್ಲೂ ಗಡಸುತನದಲ್ಲೂ ಇದೆ. ಮಗುವಿನ ಶ್ವಾಸನಾಳ ಬಹಳ ಕಿರಿದು. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ಚೂರು, ಚಕ್ಕುಲಿಯ ತುಣುಕು ಇವು ಸೀಸೆಗೆ ಬಿರಡೆ ಕೂರುವಂತೆ ಕೂರಬಲ್ಲವು. ಎರಡು ಬೆರಳುಗಳ ನಡುವೆ ಒತ್ತಿದರೆ ಜಜ್ಜಿಹೋಗುವ ಪದಾರ್ಥವನ್ನು ಒಸಡೂ ಜಜ್ಜಬಲ್ಲದು, ಜಜ್ಜದುದನ್ನು ಕೊಡಬಾರದು.

ಈ ಪದ್ಧತಿಗೆ ನನ್ನ ಆಕ್ಷೇಪ ಬೇರೆ. ನೂರು ಗ್ರಾಂ ಬೆಂದ ಗಜ್ಜರಿಯಲ್ಲಿರುವುದು ಮೂವತ್ತು ನಾಲ್ವತ್ತು ಕಿಲೊಕ್ಯಾಲೊರಿ. ಅದರಲ್ಲಿ ಅರ್ಧ ನೆಲದ ಪಾಲು. ಒಳಲೆಯ ತೆಳು ಗಂಜಿಯ ತಪ್ಪೇ ಇಲ್ಲಿ ಗಟ್ಟಿಯ ರೂಪದಲ್ಲಿ ಮರಳಿ ಬಂದಿತು! ತರಬೇತಿ ಪಡೆದ, ಅನುಕೂಲವಂತ ಮನೆಯ, ತೂಕ ತುಂಬಿದ ಮಗುವಿಗೆ ಅದರಿಂದ ಬಾಧಕವಾಗದು. ತೂಕ ನಿಂತುಹೋದ ಮಗುವಿಗಾಗಲಿ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗಾಗಲಿ, ಇದೊಂದನ್ನೇ ನೆಚ್ಚುವುದು ಸರಿಯಲ್ಲ. ಅದಲ್ಲದೆ ರಾಗಿ, ಅನ್ನ, ಬೇಳೆ ಇವು ಮುಷ್ಟಿಯಲ್ಲಿ ನಿಲ್ಲುವ ಪದಾರ್ಥಗಳೂ ಅಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಒದಗುವುದು ಇಡ್ಲಿ: ಉದ್ದಕ್ಕೆ ಸೀಳಿ ತುಪ್ಪ ಸವರಿದರೆ ಹಿಡಿಯಲು ಬರುತ್ತದೆ, ಒಸಡಿಗೆ ಜಜ್ಜಿಹೋಗುತ್ತದೆ, ಶಕ್ತಿಯೂ ಇರುತ್ತದೆ.

ಚಮಚವನ್ನು ದೂರುವವರು ಅಮೆರಿಕದ ಕ್ಲಾರಾ ಡೇವಿಸ್ ಎಂಬ ವೈದ್ಯೆಯ ಪ್ರಯೋಗವನ್ನು ನೆನೆಯುವುದುಂಟು. ಆಗತಾನೇ ಹಾಲು ಬಿಟ್ಟ ಮಕ್ಕಳ ಮುಂದೆ ಹಲವು ಬಗೆಯ ಸರಳ ಆಹಾರಗಳನ್ನು ಇಟ್ಟು, ಬೇಕಾದುದನ್ನು ಆರಿಸಿಕೊಳ್ಳಲು ಬಿಟ್ಟು, ಅವರು ಚೆನ್ನಾಗಿ ಬೆಳೆದುದನ್ನು ಆಕೆ 1928ರಲ್ಲಿ ವರದಿ ಮಾಡಿದರು. ಆದರೆ ಆ ಪ್ರಯೋಗದಲ್ಲಿ ದಾದಿಯ ಕೈಯಲ್ಲಿ ಚಮಚವಿತ್ತು! ಆಕೆ ಸುಮ್ಮನೆ ಕುಳಿತಿರಬೇಕು. ಮಗು ಒಂದು ಬಟ್ಟಲಿನ ಕಡೆಗೆ ಕೈ ಚಾಚಿದಾಗ ಮಾತ್ರ ಅದರಿಂದ ಒಂದು ಚಮಚ ತೆಗೆದು, ಮಗು ಬಾಯಿ ತೆರೆದರೆ ಮಾತ್ರ ಹಾಕಬೇಕು, ಇದು ಆಕೆಗಿದ್ದ ಕಟ್ಟಳೆ. ಮಲಗಿಸಿ ಒಳಲೆಯಿಂದ ಹೊಯ್ಯುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ಮಗುವಿಗೆ ಬೇಡವೆನ್ನಲು ಉಪಾಯವೇ ಇಲ್ಲ. ಬೇಡವೆಂದು ಅಳುವಾಗ ಹೊಯ್ದರೆ ಗಂಜಿ ಶ್ವಾಸನಾಳಕ್ಕೆ ಇಳಿಯುವುದೂ ಉಂಟು.

ತಂಗಿ ಕೊನೆಗೆ ಎರಡನ್ನೂ ಕೂಡಿಸಿಕೊಂಡಳು. ಕತ್ತು ನೆಟ್ಟಗೆ ನಿಲ್ಲುವಂತೆ ಮಗುವನ್ನು ಮಡಿಲಲ್ಲಿ ಕೂರಿಸಿ, ಕೈಗೊಂದು ಇಡ್ಲಿಯ ಸೀಳನ್ನು ಕೊಟ್ಟು, ತಾನು ಚಮಚ ಹಿಡಿದು ಬಾಯಿ ತೆರೆಯುವುದನ್ನು ಕಾಯುತ್ತಿದ್ದಳು. ಮೊದಲ ವಾರ ಇಡ್ಲಿಯ ಬಹುಭಾಗ ಸೀರೆಯ ಮೇಲಿತ್ತು. "ಈ ಗಲೀಜು ಯಾರು ತೊಳೆಯುವುದು?" ಎಂದು ಅಮ್ಮ ಗೊಣಗಿದರು. ಎರಡನೆಯ ವಾರದಲ್ಲಿ ಓಕರಿಕೆ ಕಡಿಮೆಯಾಯಿತು. ಒಂಬತ್ತನೆಯ ತಿಂಗಳು ಕಳೆಯುವ ಹೊತ್ತಿಗೆ ಮಗು ಕಿವುಚಿದ ಹುಳಿಯನ್ನವನ್ನು ನುಂಗದೆ ಅಗಿಯುತ್ತಿತ್ತು. ಹತ್ತು ತಿಂಗಳು ತುಂಬಿದ ದಿನ ಅಂಗನವಾಡಿಯ ತಕ್ಕಡಿ ಎಂಟು ಕಿಲೋಗ್ರಾಂ ತೋರಿಸಿತು. ಬೆಳ್ಳಿಯ ಒಳಲೆಯನ್ನು ಅಮ್ಮ ಹುಣಿಸೆಹಣ್ಣು ಹಾಕಿ ಬೆಳಗಿ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ.